ಪಕ್ಕದ ಮನೆಯವರಿಗೆ ನಾಲ್ಕು ಸಾಲು

ಅಪ್ಪನಿಗೆ ರಾತ್ರಿ ಎರಡು ಗಂಟೆಗೆ ಉಸಿರು ಕಟ್ಟಿತು. ಪಕ್ಕದ ಮನೆಯ ಅಂಕಲ್ ಕಾರು ತೆಗೆದರು, ಆಂಟಿ ನಮ್ಮ ಮಗಳನ್ನು ತಮ್ಮ ಮನೆಗೆ ಕರೆದುಕೊಂಡು ಹೋದರು. ಐದನೇ ದಿನ ಅಪ್ಪ ಮನೆಗೆ ಬಂದರು. ಅವರಿಗೆ ನಾಲ್ಕು ಸಾಲು ಬರೆಯೋಣವೆಂದು ಫೋನ್ ಹಿಡಿದರೆ ‘ಧನ್ಯವಾದಗಳು’ ಎಂಬಲ್ಲಿಗೇ ಕೈ ನಿಂತಿತು. ದಿನಾ ಎದುರಾಗುವವರಿಗೆ ಆ ಮಾತು ಸಭೆಯ ವಂದನಾರ್ಪಣೆಯ ಹಾಗೆ ಕೇಳುತ್ತದೆ. ‘ನಿಮ್ಮ ಋಣ ಏಳು ಜನ್ಮಕ್ಕೂ ತೀರದು’ ಎಂದರೆ ಓದುವವರಿಗೇ ಮುಜುಗರ. ಅದಕ್ಕಿಂತ, ಅವರು ಮಾಡಿದ್ದನ್ನು ಇದ್ದ ಹಾಗೇ ಹೇಳುವುದು ಒಳ್ಳೆಯದು. ಕೊನೆಗೆ ಬರೆದದ್ದು ಹೀಗೆ:

“ಅಂಕಲ್, ಅಪ್ಪ ನಿನ್ನೆ ಸಂಜೆ ಮನೆಗೆ ಬಂದರು. ಈಗ ಆರಾಮಾಗಿ ಉಸಿರಾಡುತ್ತಿದ್ದಾರೆ, ಮನೆಯೊಳಗೆ ಓಡಾಡುತ್ತಿದ್ದಾರೆ. ಆ ರಾತ್ರಿ ಬಾಗಿಲು ಬಡಿದಾಗ ನೀವು ಏನು ಎತ್ತ ಅಂತ ಕೇಳದೆ ಕಾರಿನ ಕೀ ಹಿಡಿದೇ ಹೊರಗೆ ಬಂದಿರಿ. ಆಕ್ಸಿಜನ್ ಹಾಕುವವರೆಗೂ ನನ್ನ ಜೊತೆ ನಿಂತಿರಿ. ಆಂಟಿ ಬೆಳಗ್ಗೆ ಮಗಳಿಗೆ ಜಡೆ ಹಾಕಿ ಸ್ಕೂಲ್ ವ್ಯಾನ್ ಹತ್ತಿಸಿದರಂತೆ. ಈಗ ಅವಳಿಗೆ ದಿನಾ ಆಂಟಿ ಹಾಕಿದ ಥರದ್ದೇ ಜಡೆ ಬೇಕಂತೆ 😊 ನೀವಿಬ್ಬರೂ ಇದ್ದದ್ದಕ್ಕೆ ನಾನು ಅಪ್ಪನ ಪಕ್ಕದಲ್ಲೇ ಇರುವುದಕ್ಕಾಯಿತು. ಭಾನುವಾರ ಸಂಜೆ ಕಾಫಿಗೆ ಬನ್ನಿ, ಅಪ್ಪ ನಿಮ್ಮನ್ನು ಕೇಳುತ್ತಿದ್ದಾರೆ 🙏”

ಅಪ್ಪನ ಸುದ್ದಿ ಮೊದಲ ಸಾಲಿನಲ್ಲೇ ಇರುವುದಕ್ಕೆ ಕಾರಣವಿದೆ. ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ‘ಓಂ ಶಾಂತಿ’ಯ ಪಕ್ಕದಲ್ಲೂ ಇದೇ ಕೈಮುಗಿದ ಚಿತ್ರ ಬರುತ್ತದೆ. ಆಸ್ಪತ್ರೆಯಲ್ಲಿ ಬಿಟ್ಟು ಬಂದವರ ಮನೆಯಿಂದ ಬರೀ 🙏 ಬಂದರೆ, ಓದುವವರ ಎದೆ ಒಮ್ಮೆ ಧಸಕ್ಕೆನ್ನುತ್ತದೆ. ಅಪ್ಪ ಚೆನ್ನಾಗಿದ್ದಾರೆ ಎಂದು ತಿಳಿದ ಮೇಲೆ ಅದೇ ಚಿತ್ರ ನಮಸ್ಕಾರವಾಗುತ್ತದೆ. ಸಾಲಾಗಿ ಐದಾರು ಹಾಕಿದರೆ ಬೆಳಗಿನ ಶುಭೋದಯದ ಫಾರ್ವರ್ಡ್‌ನಂತೆ ಕಂಡು, ಪೂರ್ತಿ ಓದದೆ ಬಿಟ್ಟುಬಿಡುವುದೂ ಉಂಟು. ನಗುಮುಖ ಮಗುವಿನ ಮಾತಿನ ಪಕ್ಕದಲ್ಲಿ ಮಾತ್ರ ಒಪ್ಪುತ್ತದೆ, ಆಕ್ಸಿಜನ್ನಿನ ಸಾಲಿನ ಪಕ್ಕದಲ್ಲಲ್ಲ.

ಇದನ್ನು ಅಪಾರ್ಟ್‌ಮೆಂಟಿನ ಗುಂಪಿಗೆ ಹಾಕಲಿಲ್ಲ, ಅಂಕಲ್‌ಗೆ ಮಾತ್ರ ಕಳಿಸಿದೆ. ಗುಂಪಿಗೆ ಹಾಕಿದರೆ ಅಪ್ಪನ ಕಾಯಿಲೆ ಊರ ಮಾತಾಗುತ್ತದೆ. ಅದೇ ರಾತ್ರಿ ಲಿಫ್ಟ್ ಹಿಡಿದು ನಿಂತ ಸೆಕ್ಯುರಿಟಿಯವರ ಹೆಸರು ಬಿಟ್ಟುಹೋದರೆ ಅವರಿಗೂ ನೋವು. ಅವರಿಗೆ ಗೇಟಿನ ಹತ್ತಿರವೇ ಹೋಗಿ ಹೇಳಿದೆ.

ಪೆಟ್ರೋಲ್ ದುಡ್ಡಿನ ಮಾತನ್ನು ಈ ಸಾಲುಗಳಲ್ಲಿ ತರಲೇಬಾರದು ಅನ್ನುವುದು ನನ್ನ ಅಭಿಪ್ರಾಯ. ತಂದರೆ ಬಾಡಿಗೆ ಕಾರಿನ ಲೆಕ್ಕ ಚುಕ್ತಾ ಮಾಡಿದ ಹಾಗಾಗುತ್ತದೆ. ಆದರೆ ಅವರು ಆಸ್ಪತ್ರೆಯ ಕೌಂಟರಿನಲ್ಲಿ ಕಟ್ಟಿದ ಹಣ ಬೇರೆ. ಅದನ್ನು ಅವರು ಕೇಳುವ ಮೊದಲೇ ಕೊಟ್ಟುಬಿಡಬೇಕು.

ಆಂಟಿ ಇಡ್ಲಿ ಕಳಿಸಿದ್ದ ಸ್ಟೀಲ್ ಡಬ್ಬಿ ಇನ್ನೂ ನಮ್ಮ ಅಡುಗೆಮನೆಯಲ್ಲಿತ್ತು. ಖಾಲಿ ಡಬ್ಬಿ ಕೊಡುವ ರೂಢಿ ನಮ್ಮಲ್ಲಿಲ್ಲ. ಭಾನುವಾರ ಅದರ ತುಂಬ ಕೋಡುಬಳೆ ಹಾಕಿ ಕೊಟ್ಟೆವು.