ಮೂರು ಗೇಟಿನ ಕೆಲಸ ಒಂದೇ ಗೇಟಿಗೆ

ಲಾಜಿಕ್ ಗೇಟುಗಳ ಚಿತ್ರ ಕಂಡೊಡನೆ ಕೊನೆಯ ಉತ್ತರವನ್ನು ಊಹಿಸಲು ಹೋಗಬಾರದು. ಎಡದಿಂದ ಬಲಕ್ಕೆ ಸಾಗುತ್ತಾ, ಪ್ರತಿ ಗೇಟಿನಿಂದ ಹೊರಬರುವ ತಂತಿಯ ಮೇಲೂ ಅದರ ಬೆಲೆಯನ್ನು ಬರೆದುಕೊಳ್ಳಬೇಕು.

ಒಂದು ಚಿತ್ರ ತೆಗೆದುಕೊಳ್ಳೋಣ. A ನಾಟ್ ಗೇಟಿನಲ್ಲಿ ಹಾದು A' ಆಗುತ್ತದೆ. ಅದು B ಜೊತೆ ಆ್ಯಂಡ್ ಗೇಟಿಗೆ ಹೋಗಿ A'B ಆಗಿ ಹೊರಬರುತ್ತದೆ. ಇದನ್ನೂ ಮೂಲ A ಅನ್ನೂ ಆರ್ ಗೇಟ್ ಕೂಡಿಸುತ್ತದೆ: Y = A + A'B.

```
A B | A' A'B | Y
0 0 | 1   0  | 0
0 1 | 1   1  | 1
1 0 | 0   0  | 1
1 1 | 0   0  | 1
```

ನಡುವಿನ ಎರಡು ಕಾಲಂಗಳನ್ನು ಬಿಟ್ಟು ಬರೆಯುವವರು ಎಡವುವುದು ಸಾಮಾನ್ಯವಾಗಿ ಎರಡನೇ ಸಾಲಿನಲ್ಲಿ. ನಾಟ್ ಗೇಟಿನ ತುದಿಯ ಪುಟ್ಟ ವೃತ್ತ ಕಣ್ತಪ್ಪಿದರೆ ಅಲ್ಲಿ 0 ಬಂದುಬಿಡುತ್ತದೆ.

ಈಗ ಸರಳೀಕರಣ. A + A'B ಎಂಬುದನ್ನು (A + A')(A + B) ಎಂದು ಬಿಡಿಸಬಹುದು. A + A' ಯಾವಾಗಲೂ 1. ಉಳಿಯುವುದು Y = A + B, ಅಂದರೆ ಒಂದೇ ಆರ್ ಗೇಟ್. ಕೋಷ್ಟಕವೂ ಒಪ್ಪುತ್ತದೆ: ಎರಡೂ 0 ಆದಾಗ ಮಾತ್ರ Y ಸೊನ್ನೆ.

ಉಳಿತಾಯಕ್ಕಿಂತ ನನಗೆ ಮುಖ್ಯವೆನಿಸುವುದು ಬೇರೆ. B ಬೆಲೆ 1 ಇದ್ದು, A ಬೆಲೆ 1ರಿಂದ 0ಗೆ ಇಳಿದಾಗ, ನಾಟ್ ಮತ್ತು ಆ್ಯಂಡ್ ಗೇಟುಗಳು ಕೆಲವು ನ್ಯಾನೊಸೆಕೆಂಡು ತಡಮಾಡುತ್ತವೆ. ಅಷ್ಟು ಹೊತ್ತು ಮೂಲ ಮಂಡಲದ Y ಸೊನ್ನೆಗೆ ಬಿದ್ದು ಏಳಬಹುದು. ಸತ್ಯಕೋಷ್ಟಕದಲ್ಲಿ ಇದು ಕಾಣುವುದಿಲ್ಲ. ಸರಳ ಮಂಡಲದಲ್ಲಿ ಆ ಕುಸಿತವೇ ಇರುವುದಿಲ್ಲ.