ರುಜು ಯಾರದು, ಒಪ್ಪಿಗೆ ಯಾರದು?

ಸಂಶೋಧನಾ ವಿಧಾನದ ಪತ್ರಿಕೆಗಾಗಿ ನಾನೊಂದು ಪ್ರಶ್ನಾವಳಿಯನ್ನು ಸಿದ್ಧಪಡಿಸಿದ್ದೆ. ವಿದ್ಯಾರ್ಥಿನಿಲಯವೊಂದರ ಹುಡುಗರು ಶಾಲೆ ತಪ್ಪಿಸುವುದೇಕೆ ಎಂಬುದು ವಿಷಯ. ಪಾಲಕರ ಅನುಮತಿ ಬೇಕೆಂದಾಗ ನಿಲಯಪಾಲಕರು, "ಅವರ ಊರುಗಳಿಗೆಲ್ಲ ಅಲೆಯುತ್ತೀಯೇನಪ್ಪ? ಎಲ್ಲರ ಪರವಾಗಿ ನಾನೇ ರುಜು ಹಾಕಿಕೊಡುತ್ತೇನೆ" ಎಂದರು. ನನಗೆ ಸಂತೋಷವೇ ಆಯಿತು. ಅದು ತಪ್ಪು ಸಂತೋಷವೆಂದು ತಿಳಿದದ್ದು ಖಮ್ಮಂ ಜಿಲ್ಲೆಯ ಪ್ರಕರಣವನ್ನು ಓದಿದ ಮೇಲೆ.

ಇಂದು ತೆಲಂಗಾಣಕ್ಕೆ ಸೇರಿದ ಆ ಜಿಲ್ಲೆಯಲ್ಲಿ 2009ರಲ್ಲಿ ಅಧ್ಯಯನವೊಂದರ ಅಂಗವಾಗಿ 10ರಿಂದ 14 ವರ್ಷದ ಹುಡುಗಿಯರಿಗೆ ಗರ್ಭಕಂಠದ ಕ್ಯಾನ್ಸರನ್ನು ತಡೆಯುವ ಲಸಿಕೆ ಹಾಕಲಾಯಿತು. ಅವರಲ್ಲಿ ಅನೇಕರು ವಿದ್ಯಾರ್ಥಿನಿಲಯಗಳಲ್ಲಿದ್ದ ಗಿರಿಜನ ಮಕ್ಕಳು. ಕೆಲವರ ಸಾವಿನ ಸುದ್ದಿ ಬಂದ ಮೇಲೆ 2010ರ ಏಪ್ರಿಲಿನಲ್ಲಿ ಅಧ್ಯಯನವನ್ನು ನಿಲ್ಲಿಸಿದರು. ಸಾವಿಗೆ ಲಸಿಕೆಯೇ ಕಾರಣವೆಂದು ವಿಚಾರಣೆಯಲ್ಲಿ ಸಿದ್ಧವಾಗಲಿಲ್ಲ. ಹೊರಬಿದ್ದ ದೋಷ ಬೇರೆಯದು. 2013ರ ಸಂಸದೀಯ ಸಮಿತಿಯ ವರದಿಯಂತೆ, ನೋಡಿದ 9,543 ಅನುಮತಿ ಪತ್ರಗಳಲ್ಲಿ 2,763ಕ್ಕೆ ರುಜು ಹಾಕಿದವರು ನಿಲಯಪಾಲಕರು ಮುಂತಾದವರು. 1,948ರಲ್ಲಿ ಇದ್ದುದು ಹೆಬ್ಬೆಟ್ಟಿನ ಗುರುತು.

ಹೆಬ್ಬೆಟ್ಟು ತಪ್ಪಲ್ಲ, ನನ್ನ ತಾಯಿಯೂ ಹೆಬ್ಬೆಟ್ಟನ್ನೇ ಒತ್ತುವವಳು. ಆದರೆ ಓದಲಾರದವರಿಗೆ ಪತ್ರವನ್ನು ಓದಿ ತಿಳಿಸಿದ್ದಕ್ಕೆ ನಿಷ್ಪಕ್ಷಪಾತಿಯಾದ ಸಾಕ್ಷಿಯೊಬ್ಬರ ರುಜು ಜೊತೆಗಿರಬೇಕು. ನಿಲಯಪಾಲಕರ ಮಾತು ಇನ್ನೂ ಬೇರೆ. ಅವರು ಮಕ್ಕಳಿಗೆ ಅನ್ನ, ಹಾಸಿಗೆ ಕೊಡುವವರು, ಹಾಜರಿ ಹಿಡಿಯುವವರು. ಅವರು ಒಪ್ಪಿದ ಮೇಲೆ "ಒಲ್ಲೆ" ಎನ್ನುವ ಧೈರ್ಯ ಯಾವ ಮಗುವಿಗೆ ಬಂದೀತು?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಸೂತ್ರಗಳು ಈ ಎರಡನ್ನೂ ಬೇರ್ಪಡಿಸುತ್ತವೆ. ಹದಿನೆಂಟು ತುಂಬದವರಿಗೆ ಪಾಲಕರ ಅನುಮತಿ ಬೇಕು. ಅದರ ಮೇಲೆ, 7ರಿಂದ 12 ವರ್ಷದ ಮಗುವಿನಿಂದ ಪಾಲಕರ ಎದುರಿನಲ್ಲಿ ಬಾಯಿಮಾತಿನ ಸಮ್ಮತಿ ಪಡೆದು ಬರೆದಿಡಬೇಕು. 12 ದಾಟಿದವರಿಂದ ಲಿಖಿತ ಸಮ್ಮತಿ ಬೇಕು. ಪಾಲಕರ ಅನುಮತಿ ಮಗುವನ್ನು ಕೇಳಲು ನಮಗೆ ದಾರಿ ಬಿಡುತ್ತದೆ, ಅಷ್ಟೆ. ಮಗುವಿನ ಉತ್ತರವನ್ನು ಅದು ಕೊಡಲಾರದು.

ಆದುದರಿಂದ ಪಾಲಕರು ಬರುವ ಭಾನುವಾರದಂದು ನಾನು ವಿದ್ಯಾರ್ಥಿನಿಲಯದ ಜಗಲಿಯಲ್ಲಿ ಕುಳಿತೆ. ಹನ್ನೊಂದು ಮಂದಿ ಬಂದರು; ಒಂಬತ್ತು ಮಂದಿ ಒಪ್ಪಿದರು. ಅವರ ಮಕ್ಕಳಿಗೆ, "ಉತ್ತರ ಬೇಡವೆನಿಸಿದರೆ ನಡುವೆಯೇ ಎದ್ದು ಹೋಗಬಹುದು, ನಿಲಯಪಾಲಕರಿಗೆ ಯಾರ ಉತ್ತರವನ್ನೂ ತೋರಿಸುವುದಿಲ್ಲ" ಎಂದು ಹೇಳಿ, ಕೇಳಿದ್ದನ್ನು ಅವರ ಮಾತಿನಲ್ಲೇ ತಿರುಗಿ ಹೇಳಿಸಿದೆ. ತಿಳಿದಿದೆಯೋ ಇಲ್ಲವೋ ಎಂಬುದು ಹಾಗೆ ಗೊತ್ತಾಗುತ್ತದೆ. ಒಬ್ಬ ಹುಡುಗ ಮಾತ್ರ ತಲೆ ತಗ್ಗಿಸಿ ನಿಂತ. "ಹೇಳೋ, ಅಣ್ಣ ಕೇಳ್ತಾನೆ" ಎಂದು ತಂದೆ ಗದರಿಸಿದರೂ ಬಾಯಿ ಬಿಡಲಿಲ್ಲ. ಮೌನವನ್ನು ಸಮ್ಮತಿಯೆಂದು ಎಣಿಸಬಾರದು, ಅವನನ್ನು ಬಿಟ್ಟೆ.

ಇದರಿಂದ ಒಂದು ಕೊರತೆಯೂ ಉಳಿಯಿತು. ಪಾಲಕರು ಬರಲಾರದ ಹುಡುಗರೇ ಶಾಲೆಯನ್ನು ಹೆಚ್ಚು ತಪ್ಪಿಸುವವರಿರಬಹುದು. ಅವರ ಮಾತು ನನ್ನ ವರದಿಯಲ್ಲಿಲ್ಲ. ಅದನ್ನು ಮುಚ್ಚಿಡದೆ ವರದಿಯಲ್ಲಿ ಬರೆದಿದ್ದೇನೆ. ನನಗೆ ದೊರೆತದ್ದು ಎಂಟೇ ಉತ್ತರಪತ್ರಿಕೆಗಳು.