ಆಲಿವ್ ಕಾಯಿಯ ಸಂಸ್ಕರಣೆ

ಆಲಿವ್ ಕಾಯಿಯ ಸಂಸ್ಕರಣೆ ಎಂದರೆ ಮರದಿಂದ ಕಿತ್ತ ಆಲಿವ್ ಕಾಯಿಯ ಕಹಿಯನ್ನು ತೆಗೆದು ಅದನ್ನು ತಿನ್ನಲು ಯೋಗ್ಯವಾಗಿಸುವ ಕ್ರಿಯೆ. ಮರದಲ್ಲಿರುವ ಆಲಿವ್ ವಿಷಕಾರಿಯಲ್ಲ. ಆದರೆ ಅದರ ಕಹಿ ಎಷ್ಟು ತೀವ್ರವೆಂದರೆ ಬಾಯಿಗೆ ಹಾಕಿಕೊಂಡವರು ಒಡನೆಯೇ ಉಗುಳುತ್ತಾರೆ. ಶೀಶೆಗಳಲ್ಲಿ ಮಾರಾಟವಾಗುವ ಹಸಿರು ಮತ್ತು ಕಪ್ಪು ಆಲಿವ್‌ಗಳೆಲ್ಲವೂ ಯಾವುದಾದರೊಂದು ವಿಧಾನದಲ್ಲಿ ಸಂಸ್ಕರಿಸಲ್ಪಟ್ಟವು.

ಕಹಿಗೆ ಕಾರಣ

ಆಲಿವ್ ಮಾವಿನಂತೆ ಒಳಗೆ ಗೊರಟು, ಹೊರಗೆ ತಿರುಳು ಇರುವ ಫಲ. ಆದರೆ ಇದರ ತಿರುಳಿನಲ್ಲಿ ಸಕ್ಕರೆ ಅತ್ಯಲ್ಪ, ಎಣ್ಣೆ ಹೆಚ್ಚು. ಕಹಿಗೆ ಮುಖ್ಯ ಕಾರಣ ಓಲಿಯುರೋಪೀನ್ ಎಂಬ ಸಂಯುಕ್ತ. ಎಳೆಯ ಕಾಯಿಯಲ್ಲಿ ಇದರ ಪ್ರಮಾಣ ಒಣತೂಕದ ಶೇ. 14ರವರೆಗೂ ಇರಬಲ್ಲದು. ಇದು ಸಸ್ಯದ ರಕ್ಷಣಾ ಸಾಧನ. ಕೀಟವು ಎಲೆ ಅಥವಾ ಕಾಯಿಯನ್ನು ಕಚ್ಚಿದಾಗ ಜೀವಕೋಶಗಳು ಒಡೆದು, ಓಲಿಯುರೋಪೀನ್ ಸಸ್ಯದ್ದೇ ಆದ ಕಿಣ್ವದೊಡನೆ ಬೆರೆಯುತ್ತದೆ. ಆಗ ಉಂಟಾಗುವ ವಸ್ತುವು ಪ್ರೋಟೀನುಗಳನ್ನು ಪರಸ್ಪರ ಬಂಧಿಸಿ ಅವುಗಳ ಪೋಷಕಗುಣವನ್ನು ಕುಂದಿಸುತ್ತದೆ.

ಕಾಯಿ ಹಣ್ಣಾಗಿ ಕಪ್ಪಾದಂತೆ ಓಲಿಯುರೋಪೀನ್ ಕಡಿಮೆಯಾಗುತ್ತದೆ, ಆದರೆ ಬಹುತೇಕ ತಳಿಗಳಲ್ಲಿ ಪೂರ್ಣವಾಗಿ ಹೋಗುವುದಿಲ್ಲ. ಆದ್ದರಿಂದ ಮಾಗಿದ ಹಣ್ಣೂ ಕಹಿಯೇ. ಈ ಸಂಯುಕ್ತವು ನೀರಿನಲ್ಲಿ ಕರಗುವಂಥದ್ದಾದುದರಿಂದ ಹಣ್ಣನ್ನು ಅರೆದು ಎಣ್ಣೆ ತೆಗೆಯುವಾಗ ಅದರ ಬಹುಭಾಗ ನೀರು ಮತ್ತು ಹಿಂಡಿಯೊಡನೆ ಹೊರಹೋಗುತ್ತದೆ. ಸಂಸ್ಕರಿಸದ ಹಣ್ಣಿನಿಂದಲೇ ಎಣ್ಣೆ ತೆಗೆದರೂ ಅದು ತಿನ್ನಲು ಯೋಗ್ಯವಾಗಿರುವುದು ಇದರಿಂದಲೇ.

ಸ್ಪೇನಿನ ಹಸಿರು ಆಲಿವ್

ಕಹಿಯನ್ನು ನೀರಿನಲ್ಲಿ ಇಳಿಸಬಹುದು, ಇಲ್ಲವೇ ಅದರ ಅಣುವನ್ನೇ ಒಡೆಯಬಹುದು. ಎರಡನೆಯ ಮಾರ್ಗಕ್ಕೆ ಸೆವಿಯಾ ಪ್ರದೇಶದ ವಿಧಾನ ಉತ್ತಮ ನಿದರ್ಶನ. ಮಾಂಝನಿಲ್ಯ ಮೊದಲಾದ ತಳಿಗಳ ಕಾಯಿಗಳನ್ನು ಹಸಿರು ಬಣ್ಣವು ತಿಳಿಹಳದಿಗೆ ತಿರುಗುವ ಹಂತದಲ್ಲಿ ಕೊಯ್ದು, ಶೇ. 2ರಿಂದ 3ರಷ್ಟು ಕಾಸ್ಟಿಕ್ ಸೋಡಾ ಬೆರೆಸಿದ ನೀರಿನಲ್ಲಿ ಕೆಲವು ಗಂಟೆಗಳ ಕಾಲ ಮುಳುಗಿಸುತ್ತಾರೆ. ಕ್ಷಾರವು ಓಲಿಯುರೋಪೀನಿನ ಅಣುವನ್ನು ಕಹಿಯಿಲ್ಲದ ಭಾಗಗಳಾಗಿ ಒಡೆಯುತ್ತದೆ.

ಕ್ಷಾರವು ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನು ತಿಳಿಯಲು ನಡುನಡುವೆ ಕಾಯಿಯನ್ನು ಕೊಯ್ದು ನೋಡುತ್ತಾರೆ. ಕ್ಷಾರ ತಾಗಿದ ತಿರುಳು ಗಾಳಿಯಲ್ಲಿ ಬೇಗನೆ ಕಂದಾಗುತ್ತದೆ. ಕಂದು ಬಣ್ಣ ತಿರುಳಿನ ಮೂರರಲ್ಲೆರಡು ಭಾಗದವರೆಗೆ ತಲುಪಿದಾಗ ನಿಲ್ಲಿಸುತ್ತಾರೆ. ಬೇಗ ನಿಲ್ಲಿಸಿದರೆ ಗೊರಟಿನ ಸುತ್ತ ಕಹಿ ಬಹಳವಾಗಿ ಉಳಿಯುತ್ತದೆ. ತಡಮಾಡಿದರೆ ತಿರುಳು ಮೆತ್ತಗಾಗುತ್ತದೆ, ಮುಂದಿನ ಹುದುಗುವಿಕೆಗೆ ಬೇಕಾದ ಸಕ್ಕರೆಯೂ ತೊಳೆದುಹೋಗುತ್ತದೆ.

ಬಳಿಕ ಕ್ಷಾರವನ್ನು ನೀರಿನಿಂದ ತೊಳೆದು, ಕಾಯಿಗಳನ್ನು ಸುಮಾರು ಶೇ. 10ರಷ್ಟು ಉಪ್ಪುನೀರಿನಲ್ಲಿಡುತ್ತಾರೆ. ಅಲ್ಲಿ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಉಳಿದ ಸಕ್ಕರೆಯನ್ನು ಆಮ್ಲವಾಗಿಸುತ್ತವೆ. ಕೆಲವು ತಿಂಗಳಲ್ಲಿ ಹುಳಿರುಚಿ ಬಂದು ಕಾಯಿ ಬಹುಕಾಲ ಕೆಡದೆ ಉಳಿಯುತ್ತದೆ. ಹೀಗೆ ಈ ವಿಧಾನದಲ್ಲಿ ಕಹಿ ತೆಗೆಯುವುದು ಕ್ಷಾರ. ಕಾಪಾಡುವುದು ಉಪ್ಪು ಮತ್ತು ಆಮ್ಲ. ಆಮ್ಲ ಸಾಲದಾದರೆ ಬೇರೆ ಸೂಕ್ಷ್ಮಾಣುಗಳು ಬೆಳೆದು ದುರ್ವಾಸನೆ ಬರುತ್ತದೆ ಅಥವಾ ಚರ್ಮದಡಿಯಲ್ಲಿ ಗಾಳಿಗುಳ್ಳೆಗಳೇಳುತ್ತವೆ. ಅಂಥವನ್ನು ತಿನ್ನಬಾರದು.

ಕ್ಷಾರವಿಲ್ಲದ ವಿಧಾನಗಳು

ಗ್ರೀಸಿನಲ್ಲಿ ಮಾಗಿದ ಹಣ್ಣುಗಳನ್ನು ನೇರವಾಗಿ ಉಪ್ಪುನೀರಿನಲ್ಲಿ ಇಡುವ ರೂಢಿಯಿದೆ. ಇಲ್ಲಿ ಓಲಿಯುರೋಪೀನ್ ನಿಧಾನವಾಗಿ ನೀರಿಗಿಳಿಯುತ್ತದೆ, ಸೂಕ್ಷ್ಮಾಣುಗಳೂ ಅದನ್ನು ಒಡೆಯುತ್ತವೆ. ಇಡಿಯ ಹಣ್ಣಿನ ಚರ್ಮವು ನೀರನ್ನು ಸುಲಭವಾಗಿ ಒಳಬಿಡುವುದಿಲ್ಲವಾದ್ದರಿಂದ ಇದಕ್ಕೆ ಹಲವು ತಿಂಗಳುಗಳೇ ಬೇಕು. ಕಾಯಿಯನ್ನು ಜಜ್ಜಿ ಅಥವಾ ಸೀಳಿ, ದಿನವೂ ನೀರು ಬದಲಿಸುತ್ತ ನೆನೆಸಿದರೆ ಒಂದೆರಡು ವಾರಗಳಲ್ಲಿ ಕಹಿ ಬಹಳಮಟ್ಟಿಗೆ ಇಳಿಯುತ್ತದೆ. ಹೀಗೆ ನೆನೆಸಿದ್ದನ್ನೂ ಕೆಡದಂತೆ ಇಡಲು ಕೊನೆಗೆ ಉಪ್ಪುನೀರೇ ಬೇಕು.

ಮರದಲ್ಲೇ ಕಹಿ ಕಳೆದುಕೊಳ್ಳುವ ಆಲಿವ್

ಈ ನಿಯಮಕ್ಕೆ ಕೆಲವು ಅಪವಾದಗಳುಂಟು. ಟರ್ಕಿಯ ಇಜ್ಮೀರ್ ಬಳಿಯ ಕರಾಬುರುನ್ ಪರ್ಯಾಯದ್ವೀಪದಲ್ಲಿ ‘ಹುರ್ಮಾ’ ಎಂಬ ಆಲಿವ್ ಮರದಲ್ಲಿರುವಾಗಲೇ ಕಹಿಯನ್ನು ಕಳೆದುಕೊಳ್ಳುತ್ತದೆ. ಹುರ್ಮಾ ಎಂದರೆ ಟರ್ಕಿ ಭಾಷೆಯಲ್ಲಿ ಖರ್ಜೂರ. ಅಲ್ಲಿನ ತೇವದ ಹವೆಯಲ್ಲಿ ಹಣ್ಣಿನ ಮೇಲೆ ಬೆಳೆಯುವ ಒಂದು ಶಿಲೀಂಧ್ರವು ಓಲಿಯುರೋಪೀನನ್ನು ಒಡೆಯುವುದೇ ಇದಕ್ಕೆ ಕಾರಣವೆಂದು ವಿವರಿಸಲಾಗಿದೆ. ಹಾಗೆಯೇ ಗ್ರೀಸಿನ ಥಾಸೋಸ್ ದ್ವೀಪದ ‘ಥ್ರೂಂಬಾ’ ಹಣ್ಣೂ ಮರದಲ್ಲೇ ಮಾಗಿ, ಸುಕ್ಕುಗಟ್ಟಿ, ಕಹಿ ಕಳೆದುಕೊಳ್ಳುತ್ತದೆ. ಇಂಥ ಹಣ್ಣನ್ನು ಕಿತ್ತು ಹಾಗೆಯೇ ತಿನ್ನಬಹುದಾದರೂ, ಬಹುಕಾಲ ಇಡಬೇಕಾದರೆ ಅದಕ್ಕೂ ಉಪ್ಪು ಬೇಕು.